ನಾಳೆ ಬೆಳಿಗ್ಗೆ ಆರಕ್ಕೆ ಬಾ

ಪುಟ್ಟಿ, ಓಟದ ಟೀಮಿನ ಲಿಸ್ಟ್‌ನಲ್ಲಿ ಹೆಸರು ನೋಡಿದಾಗಿನಿಂದ ನೀನು ಸರಿಯಾಗಿ ಊಟಾನೂ ಮಾಡುತ್ತಿಲ್ಲ ಅಂತ ಅಮ್ಮ ಹೇಳಿದರು. ಹೆದರಿಕೆ ಅಲ್ವಾ? ಇರಲಿ, ಅದನ್ನೂ ಕರೆದುಕೊಂಡೇ ಬಾ.

ಮೊನ್ನೆ 400 ಮೀಟರ್ ಓಡಿದಾಗ ನಾನು ನಿನ್ನ ಟೈಮಿಂಗ್ ಅಷ್ಟಾಗಿ ನೋಡಲಿಲ್ಲ. ಕೊನೆಯ ತಿರುವಿನಲ್ಲಿ ಉಳಿದವರೆಲ್ಲ ಸುಸ್ತಾಗಿ ಭುಜ ಬಿಗಿ ಮಾಡಿಕೊಂಡರು, ನೀನು ಮಾತ್ರ ಬರಿಗಾಲಲ್ಲಿ, ಕೈ ಬೀಸುವುದನ್ನು ನಿಲ್ಲಿಸದೆ ಹಾಗೇ ಓಡಿದೆ, ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಆರಿಸಿದ್ದು. ಸುಮ್ನೆ ಅಲ್ಲ.

ಹತ್ತನೇ ಕ್ಲಾಸಿನ ಅಕ್ಕಂದಿರು ಮುಂದೆ ಓಡುತ್ತಾರೆ, ಓಡಲಿ. ಅವರಿಗೆ ಎರಡು ವರ್ಷದ ಪ್ರಾಕ್ಟೀಸ್ ಇದೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿ ನಮ್ಮ ಸಿದ್ದಾಪುರದ ಕಡೆಯವರೇ, ಕೃಷಿ ಮಾಡುವ ಮನೆಯವರು.

ಸ್ಪೈಕ್ಸ್ ಇಲ್ಲ ಅಂತ ಚಿಂತೆ ಬೇಡ, ನಿನ್ನ ಅಳತೆಯ ಒಂದು ಜೊತೆ ಸ್ಪೋರ್ಟ್ಸ್ ರೂಮಿನಲ್ಲಿ ತೆಗೆದಿಟ್ಟಿದ್ದೇನೆ. ಮೊದಲ ವಾರ ಬರೀ ಜಾಗಿಂಗ್, ಸ್ಟ್ರೆಚಿಂಗ್, ಯಾರ ಜೊತೆಗೂ ರೇಸ್ ಇಲ್ಲ. ಒಂದು ಬಾಳೆಹಣ್ಣು ತಿಂದು, ನೀರಿನ ಬಾಟಲಿ ತೆಗೆದುಕೊಂಡು ಬಾ. ನಾನು ಗೇಟ್ ಹತ್ತಿರವೇ ನಿಂತಿರುತ್ತೇನೆ.