ಕೋಶ ವಿಭಜನೆಯ ಉತ್ತರಕ್ಕೆ ಅಂಕ ಎಲ್ಲಿ ಹೋಯಿತು ಎಂದು ತಿಳಿಯಲು

ಮಾನ್ಯ ಮೇಡಂ ಅವರಿಗೆ,

ನಮಸ್ಕಾರ. ನಾನು ಎರಡನೇ ಸೆಮಿಸ್ಟರ್ ಬಿ.ಎಸ್ಸಿ. ತರಗತಿಯ ಸಹನಾ, ರೋಲ್ ನಂಬರ್ 27. ಸೋಮವಾರ ಇಂಟರ್ನಲ್ ಟೆಸ್ಟಿನ ಉತ್ತರ ಪತ್ರಿಕೆ ಕೈಗೆ ಬಂತು. ಐದನೇ ಪ್ರಶ್ನೆಗೆ 10ಕ್ಕೆ 5 ಅಂಕ ಬಂದಿದೆ. 2n = 4 ಇರುವ ಕೋಶದಲ್ಲಿ ಮೈಟಾಸಿಸ್ ಮತ್ತು ಮಿಯಾಸಿಸ್ I ಹೇಗೆ ನಡೆಯುತ್ತವೆ ಎಂದು ಚಿತ್ರ ಬರೆದು ಹೋಲಿಸುವ ಪ್ರಶ್ನೆ ಅದು. ಕ್ಲಾಸ್ ಮುಗಿದ ಮೇಲೆ ಕೇಳೋಣ ಅಂದುಕೊಂಡೆ. ಆದರೆ ಚಿತ್ರ, ಸಂಖ್ಯೆ ಎಲ್ಲ ಇರುವ ವಿಷಯವನ್ನು ಬಾಗಿಲಲ್ಲಿ ನಿಂತು ಅವಸರದಲ್ಲಿ ಕೇಳಿದರೆ ಸರಿಯಾಗುವುದಿಲ್ಲ ಅನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೇಳುವ ಮೊದಲು ಉತ್ತರವನ್ನು ನಾನೇ ಒಮ್ಮೆ ತಿದ್ದಿ ನೋಡಿದೆ. ಎರಡು ತಪ್ಪು ನನ್ನದೇ ಎಂದು ಗೊತ್ತಾಯಿತು. ಒಂದು, ಕ್ರಾಸಿಂಗ್ ಓವರ್ ಡಿಪ್ಲೋಟೀನ್‌ನಲ್ಲಿ ನಡೆಯುತ್ತದೆ ಎಂದು ಬರೆದಿದ್ದೇನೆ. ಅದು ನಡೆಯುವುದು ಪ್ಯಾಕಿಟೀನ್‌ನಲ್ಲಿ, ಡಿಪ್ಲೋಟೀನ್‌ನಲ್ಲಿ ಕಯಾಸ್ಮಾ ಕಣ್ಣಿಗೆ ಕಾಣುತ್ತದೆ ಅಷ್ಟೇ. ಅಲ್ಲಿ ಹೋದ ಒಂದು ಅಂಕಕ್ಕೆ ನಾನೇನೂ ಹೇಳುವಂತಿಲ್ಲ.

ಇನ್ನೊಂದು ಮೆಟಾಫೇಸ್ I ಚಿತ್ರ. ನಾಲ್ಕೂ ಕ್ರೋಮೋಸೋಮ್‌ಗಳನ್ನು ಮಧ್ಯದಲ್ಲಿ ಒಂದೇ ಸಾಲಿಗೆ ನಿಲ್ಲಿಸಿಬಿಟ್ಟಿದ್ದೇನೆ. ನೀವು ಅದರ ಮೇಲೆ ಅಡ್ಡಗೆರೆ ಎಳೆದದ್ದು ಯಾಕೆಂದು ಮೊದಲು ಹೊಳೆಯಲಿಲ್ಲ. ಆಮೇಲೆ ಮನೆಯಲ್ಲಿ ಉಲ್ಲನ್ ದಾರದ ತುಂಡುಗಳನ್ನು ಹರಡಿಕೊಂಡು ಕುಳಿತೆ. ಎರಡು ಉದ್ದ, ಎರಡು ಗಿಡ್ಡ ಕ್ರೋಮೋಸೋಮ್. ಒಂದೊಂದಕ್ಕೂ ಎರಡೆರಡು ಎಳೆ, ಅಂದರೆ ಕ್ರೊಮ್ಯಾಟಿಡ್‌ಗಳು. ಎರಡು ಎಳೆ ಸೇರಿಸಿ ಹಾಕಿದ ಗಂಟೇ ಸೆಂಟ್ರೋಮಿಯರ್. ಉದ್ದದ್ದಕ್ಕೆ ಉದ್ದದ್ದು, ಗಿಡ್ಡದ್ದಕ್ಕೆ ಗಿಡ್ಡದ್ದು ಜೋಡಿಯಾಗಿ ಎದುರುಬದುರು ನಿಂತರೆ ಮಾತ್ರ ಗಂಟು ಬಿಚ್ಚದೆ ಜೋಡಿಯನ್ನು ಎರಡು ಕಡೆಗೆ ಎಳೆಯಲು ಸಾಧ್ಯ. ನಾನು ಬರೆದದ್ದು ಮೈಟಾಸಿಸ್‌ನ ಮೆಟಾಫೇಸ್ ಚಿತ್ರ. ಆ ಎರಡು ಅಂಕ ಹೋಗಿದ್ದು ನ್ಯಾಯವೇ.

ಉಳಿದ ಎರಡು ಅಂಕದ್ದೇ ನನ್ನ ಪ್ರಶ್ನೆ ಮೇಡಂ. ಮೈಟಾಸಿಸ್‌ನ ಅನಾಫೇಸ್‌ನಲ್ಲಿ ಕೋಶದ ಒಟ್ಟು ಕ್ರೋಮೋಸೋಮ್ ಸಂಖ್ಯೆ 8 ಎಂದು ಬರೆದಿದ್ದೆ. ಆ 8ರ ಸುತ್ತ ಕೆಂಪು ಗೆರೆ ಇದೆ, ಪಕ್ಕದಲ್ಲಿ 4 ಎಂದು ಬರೆದಿದ್ದೀರಿ. ನಾನು ಯೋಚಿಸಿದ್ದು ಹೀಗೆ: ಸೆಂಟ್ರೋಮಿಯರ್ ಎಷ್ಟೋ ಕ್ರೋಮೋಸೋಮ್ ಅಷ್ಟು ಎಂದು ನೀವೇ ಕ್ಲಾಸಿನಲ್ಲಿ ಎಣಿಸಲು ಹೇಳಿಕೊಟ್ಟಿದ್ದೀರಿ. ಎಸ್ ಹಂತದಲ್ಲಿ ಡಿಎನ್ಎ ದುಪ್ಪಟ್ಟಾದರೂ ಗಂಟು ನಾಲ್ಕೇ ಇರುತ್ತದೆ, ಹಾಗಾಗಿ ಸಂಖ್ಯೆಯೂ 4. ಮೆಟಾಫೇಸ್‌ನಲ್ಲೂ 4. ಅನಾಫೇಸ್‌ನಲ್ಲಿ ಪ್ರತಿ ಗಂಟೂ ಬೇರೆಯಾಗುತ್ತದೆ. ಆಗ ಒಂದೊಂದು ಕ್ರೊಮ್ಯಾಟಿಡ್ ಕೂಡ ಒಂದು ಕ್ರೋಮೋಸೋಮ್ ಆಗುತ್ತದೆ ಅಲ್ವಾ? ಕೋಶ ಇನ್ನೂ ಎರಡಾಗಿಲ್ಲ. ಹಾಗಾಗಿ ಒಂದೊಂದು ಧ್ರುವದ ಕಡೆ 4, ಒಟ್ಟು 8.

ಲ್ಯಾಬ್‌ನಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ನೋಡಿದಾಗಿನಿಂದ ಇದು ನನ್ನ ತಲೆಯಲ್ಲಿದೆ. ಅದರಲ್ಲಿ 2n = 16. ಅನಾಫೇಸ್‌ನ ಒಂದು ಕೋಶ ಸಿಕ್ಕಿತ್ತು. ಎರಡೂ ಕಡೆ ಬಾಗಿದ ಸಣ್ಣ ಕಡ್ಡಿಗಳ ಹಾಗೆ ಕ್ರೋಮೋಸೋಮ್‌ಗಳು ಗುಂಪಾಗಿದ್ದವು. ಒಂದರ ಮೇಲೊಂದು ಬಿದ್ದಿದ್ದರಿಂದ ಪೂರ್ತಿ ಎಣಿಸಲು ಆಗಲಿಲ್ಲ. ನನ್ನ ಲೆಕ್ಕ ಸರಿಯಿದ್ದರೆ ಅಲ್ಲಿ 32 ಇರಬೇಕು. ಲೆಕ್ಕವೇ ತಪ್ಪಾಗಿದ್ದರೆ, ನಾನು ಆ ಸ್ಲೈಡನ್ನೂ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇನೆ ಎಂದಾಯಿತು. ಹಾಗಾಗಿ ಇದನ್ನು ಸುಮ್ನೆ ಬಿಡಲು ಮನಸ್ಸಾಗುತ್ತಿಲ್ಲ.

ಒಂದು ವೇಳೆ ಪ್ರಶ್ನೆಯಲ್ಲಿ ಕೇಳಿದ್ದು ಒಂದು ಧ್ರುವದ ಕಡೆಯ ಸಂಖ್ಯೆಯೇ ಆಗಿದ್ದರೆ, ನಾನು ಪ್ರಶ್ನೆ ಓದಿದ ರೀತಿಯೇ ಸರಿಯಿಲ್ಲ. ಅಥವಾ 8 ಹೇಗೆ ಬಂತು ಎಂದು ವಿವರಿಸದೆ ಬರೀ ಸಂಖ್ಯೆ ಬರೆದದ್ದಕ್ಕೂ ಅಂಕ ಹೋಗಿರಬಹುದು. ಯಾವುದು ಎಂದು ದಯವಿಟ್ಟು ತಿಳಿಸಿ. ನನ್ನ ಉತ್ತರ ಸರಿ ಎಂದು ನಿಮಗೆ ಅನಿಸಿದರೆ ಆ ಅಂಕಗಳನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ತಪ್ಪು ಎಂದಾದರೆ ಎಲ್ಲಿ ಎಡವಿದೆ ಎಂದು ಗೊತ್ತಾದರೂ ಸಾಕು, ಸೆಮಿಸ್ಟರ್ ಪರೀಕ್ಷೆಯಲ್ಲಿ ಮತ್ತೆ ಹಾಗೆ ಬರೆಯುವುದಿಲ್ಲ.

ಗುರುವಾರ ಮಧ್ಯಾಹ್ನ ನಮಗೆ ಕೊನೆಯ ಪೀರಿಯಡ್ ಬಿಡುವಿದೆ. ನಿಮಗೆ ಅನುಕೂಲವಿದ್ದರೆ ಆಗ ಸ್ಟಾಫ್ ರೂಮಿಗೆ ಬರುತ್ತೇನೆ. ಬೇರೆ ಸಮಯ ಹೇಳಿದರೂ ಸರಿ. ಉತ್ತರ ಪತ್ರಿಕೆಯ ಆ ಎರಡು ಪುಟಗಳ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಸಹನಾ