ಹನ್ನೆರಡು ಜಾಡಿಗಳು: ವರ್ಗೀಕರಣದ ಮರ ಮತ್ತು ಗುರುತಿನ ಕೀಲಿ

ಬಿ.ಎಸ್ಸಿ. ಎರಡನೆಯ ವರ್ಷ, ಪ್ರಾಣಿಶಾಸ್ತ್ರ ಪ್ರಯೋಗಾಲಯದ ಕೈಪತ್ರ

ಸೋಮವಾರದ ಉಪನ್ಯಾಸದಲ್ಲಿ ಸರೀಸೃಪಗಳ ವರ್ಗೀಕರಣ ಮುಗಿಯಿತು. ನಿಮ್ಮಲ್ಲಿ ಬಹಳ ಮಂದಿ ಬರೆದುಕೊಂಡ ಟಿಪ್ಪಣಿಯಲ್ಲಿ ಕುಟುಂಬಗಳ ಹೆಸರು ಒಂದು ಪುಟದಲ್ಲಿ, ಲಕ್ಷಣಗಳು ಇನ್ನೊಂದು ಪುಟದಲ್ಲಿ ಬಿದ್ದಿವೆ. ಹೀಗೆ ಬಿಟ್ಟರೆ ಪರೀಕ್ಷೆಯಲ್ಲಿ ಬಾಯಿಪಾಠವಾಗಿ ಹೊರಬರುತ್ತದೆಯೇ ಹೊರತು ಜಾಡಿಯೊಳಗಿನ ಹಾವಿನ ಹೆಸರು ಹೇಳುವುದಕ್ಕೆ ಬರುವುದಿಲ್ಲ. ಆದ್ದರಿಂದ ಅದೇ ಉಪನ್ಯಾಸವನ್ನು ಇಲ್ಲಿ ಒಂದು ಮರವಾಗಿಯೂ ಒಂದು ಕೀಲಿಯಾಗಿಯೂ ಬರೆದಿದ್ದೇನೆ. ಮಾದರಿಗಳು ನಮ್ಮ ಸಂಗ್ರಹಾಲಯದ ಕಪಾಟಿನಲ್ಲಿರುವ ಹನ್ನೆರಡು ಜಾಡಿಗಳು ಮಾತ್ರ.

ಮರ ಮತ್ತು ಕೀಲಿ ಎರಡೂ ಕವಲೊಡೆಯುತ್ತವೆ, ಆದರೆ ಅವು ಉತ್ತರಿಸುವ ಪ್ರಶ್ನೆಗಳೇ ಬೇರೆ. ಯಾವುದು ಯಾವುದಕ್ಕೆ ನಂಟು ಎಂಬುದನ್ನು ಮರ ಹೇಳುತ್ತದೆ. ಕೈಯಲ್ಲಿರುವುದು ಯಾವುದು ಎಂಬುದನ್ನು ಕೀಲಿ ಹೇಳುತ್ತದೆ. ನಂಟಿಲ್ಲದ ಎರಡು ಹಾವುಗಳು ಕೀಲಿಯಲ್ಲಿ ಅಕ್ಕಪಕ್ಕ ಬಂದರೆ ತಪ್ಪಿಲ್ಲ. ಕೀಲಿಯನ್ನು ನೋಡಿಕೊಂಡು ಮರ ಬಿಡಿಸಿದರೆ ಮಾತ್ರ ತಪ್ಪು, ಅಂಕವೂ ಹೋಗುತ್ತದೆ.

ಮರ

```
ವಂಶ: ಕಾರ್ಡೇಟಾ
└ ವರ್ಗ: ರೆಪ್ಟೀಲಿಯಾ
  └ ಗಣ: ಸ್ಕ್ವಾಮೇಟಾ
    └ ಉಪಗಣ: ಸರ್ಪೆಂಟಿಸ್
      ├ ಟಿಫ್ಲೋಪಿಡೆ: ಹುಳುಹಾವು
      ├ ಪೈಥಾನಿಡೆ: ಹೆಬ್ಬಾವು
      ├ ಬೋಯಿಡೆ: ಎರಡು ತಲೆ ಹಾವು
      ├ ವೈಪರಿಡೆ
      │  ├ ವೈಪರಿನೆ: ಕೊಳಕುಮಂಡಲ, ಗರಗಸ ಮಂಡಲ
      │  └ ಕ್ರೋಟಾಲಿನೆ: ಬಿದಿರು ಗುಳಿಮಂಡಲ
      ├ ಎಲಾಪಿಡೆ: ನಾಗರಹಾವು, ಕಾಳಿಂಗ ಸರ್ಪ, ಕಟ್ಟುಹಾವು
      └ ಕೊಲುಬ್ರಿಡೆ
         ├ ಕೊಲುಬ್ರಿನೆ: ಕೇರೆ ಹಾವು, ತೋಳ ಹಾವು
         └ ನೇಟ್ರಿಸಿನೆ: ನೀರು ಹಾವು
```

ಎರಡು ತಲೆ ಹಾವನ್ನು ಎರಿಸಿಡೆ ಎಂಬ ಬೇರೆ ಕುಟುಂಬದಲ್ಲಿ ಇಡುವವರಿದ್ದಾರೆ. ನೀರು ಹಾವಿನ ಗುಂಪನ್ನು ನೇಟ್ರಿಸಿಡೆ ಎಂದು ಕುಟುಂಬವಾಗಿಯೇ ಎಣಿಸುವುದೂ ಉಂಟು. ಹೀಗೆ ಬರೆದವರ ಉತ್ತರವನ್ನೂ ಒಪ್ಪುತ್ತೇನೆ.

ಮರದ ಕೊಂಬೆಗಳು ಸ್ಥಿರವಲ್ಲ. 1758ರಲ್ಲಿ ಲಿನೇಯಸ್ ಹಾವುಗಳಿಗೆ ಎರಡು ಪದದ ಹೆಸರಿಟ್ಟಾಗ ನಾಗರಹಾವು, ಹೆಬ್ಬಾವು, ಕೇರೆ ಮೂರನ್ನೂ ಕೊಲುಬರ್ ಎಂಬ ಒಂದೇ ಜಾತಿಯಲ್ಲಿ ತುಂಬಿದ್ದ. ಇಂದು ಅವು ಮೂರು ಬೇರೆ ಬೇರೆ ಕುಟುಂಬಗಳಲ್ಲಿವೆ. ಕಾಳಿಂಗ ಸರ್ಪದ ಜಾಡಿಯ ಮೇಲಿನ ಹಳೆಯ ಚೀಟಿಯಲ್ಲಿ ಒಫಿಯೋಫ್ಯಾಗಸ್ ಹನ್ನಾ ಎಂದಿದೆ. 2024ರಲ್ಲಿ ಆ ಒಂದು ಪ್ರಭೇದವನ್ನು ನಾಲ್ಕಾಗಿ ಒಡೆದರು. ಪಶ್ಚಿಮ ಘಟ್ಟದ ಹಾವಿಗೆ ಒಫಿಯೋಫ್ಯಾಗಸ್ ಕಾಳಿಂಗ ಎಂಬ ಹೆಸರು ಬಂತು. ನಮ್ಮ ಮಾತಿನ ಹೆಸರೇ ಪ್ರಾಣಿಶಾಸ್ತ್ರದ ದಫ್ತರಿಗೆ ಏರಿದ್ದು ಸಂತೋಷದ ಸಂಗತಿ, ಆದರೆ ಹಳೆಯ ಚೀಟಿಯನ್ನು ಕಿತ್ತು ಬಿಸಾಡಬೇಡಿ. ಹೊಸ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿ.

ಕೀಲಿಗೆ ಮುನ್ನ

ಬಣ್ಣವನ್ನು ನಂಬಬೇಡಿ. ದ್ರಾವಣದಲ್ಲಿ ಹಸಿರು ನೀಲಿಯಾಗುತ್ತದೆ, ಹಳದಿ ಕರಗಿ ಹೋಗುತ್ತದೆ, ವರ್ಷಗಳು ಕಳೆದ ಮೇಲೆ ಎಲ್ಲವೂ ಒಂದೇ ಬೂದುಗಂದು. ಹುರುಪೆಗಳ ಜೋಡಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಕೈಮಸೂರ ಹಿಡಿದು ಮೂರು ಕಡೆ ನೋಡಿ: ತಲೆಯ ಮೇಲ್ಭಾಗ, ಹೊಟ್ಟೆಯ ಪಟ್ಟಿ, ಬಾಲದ ಅಡಿ. ಮೂಗಿನ ಫಲಕಕ್ಕೂ ಕಣ್ಣಿನ ಮುಂದಿನ ಫಲಕಕ್ಕೂ ನಡುವೆ ಇರುವ ಪುಟ್ಟ ಹುರುಪೆಯೇ ಲೋರಿಯಲ್. ಇದನ್ನು ಕಂಡುಹಿಡಿಯಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಈ ಕೀಲಿ ಜಾಡಿಗೆ ಮಾತ್ರ. ಜೀವಂತ ಹಾವಿನ ಬಾಲದಡಿ ನೋಡಲು ಯಾರೂ ಹೋಗಬೇಡಿ, ಸತ್ತಂತೆ ಬಿದ್ದ ಹಾವಿನದ್ದನ್ನೂ ನೋಡಬೇಡಿ. ಕಚ್ಚಿದರೆ ಗುರುತಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ.

ಕೀಲಿ

1. ಹೊಟ್ಟೆಯ ಹುರುಪೆಗಳು ಬೆನ್ನಿನವುಗಳಷ್ಟೇ ಸಣ್ಣ. ಕಣ್ಣು ಹುರುಪೆಯಡಿಯ ಕಪ್ಪು ಚುಕ್ಕೆ: ಹುಳುಹಾವು
ಹೊಟ್ಟೆಯ ಹುರುಪೆಗಳು ಬೆನ್ನಿನವುಗಳಿಗಿಂತ ಅಗಲ. ಕಣ್ಣು ಸ್ಪಷ್ಟ: 2ಕ್ಕೆ ಹೋಗಿ

2. ಹೊಟ್ಟೆಯ ಹುರುಪೆಗಳು ಹೊಟ್ಟೆಯ ಪೂರ್ತಿ ಅಗಲವನ್ನು ಮುಚ್ಚುವುದಿಲ್ಲ: 3
ಪೂರ್ತಿ ಅಗಲವನ್ನು ಮುಚ್ಚುತ್ತವೆ: 4

3. ಬಾಲ ಮೊಂಡು, ನೋಡಲು ತಲೆಯಂತೆಯೇ. ತುಟಿಯಲ್ಲಿ ಗುಳಿಗಳಿಲ್ಲ: ಎರಡು ತಲೆ ಹಾವು
ಬಾಲ ಕ್ರಮೇಣ ಚೂಪು. ಮೇಲ್ತುಟಿಯ ಮುಂಭಾಗದಲ್ಲಿ ಗುಳಿಗಳಿವೆ: ಹೆಬ್ಬಾವು

4. ತಲೆಯ ಮೇಲೆ ಬಹುಮಟ್ಟಿಗೆ ಸಣ್ಣ ಹುರುಪೆಗಳು: 5
ತಲೆಯ ಮೇಲೆ ದೊಡ್ಡ, ಸಮಾನಾಂಗವಾಗಿ ಜೋಡಿಸಿದ ಫಲಕಗಳು: 7

5. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಆಳವಾದ ಗುಳಿ: ಬಿದಿರು ಗುಳಿಮಂಡಲ
ಅಂಥ ಗುಳಿ ಇಲ್ಲ: 6

6. ಬಾಲದಡಿಯ ಹುರುಪೆಗಳು ಜೋಡಿ. ಬೆನ್ನುದ್ದಕ್ಕೂ ಮೂರು ಸಾಲು ದೊಡ್ಡ ಮಚ್ಚೆ: ಕೊಳಕುಮಂಡಲ
ಬಾಲದಡಿಯ ಹುರುಪೆಗಳು ಒಂಟಿ. ಪಕ್ಕೆಯ ಹುರುಪೆಗಳು ಓರೆ, ಅವುಗಳ ಉಬ್ಬುಗೆರೆ ಗರಗಸದ ಹಲ್ಲಿನಂತೆ: ಗರಗಸ ಮಂಡಲ

7. ಬೆನ್ನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಆರು ಮೂಲೆಯವು. ಬಾಲದಡಿಯವು ಒಂಟಿ: ಕಟ್ಟುಹಾವು
ನಡುಸಾಲಿನವು ಹಾಗೆ ದೊಡ್ಡದಾಗಿಲ್ಲ: 8

8. ಲೋರಿಯಲ್ ಇಲ್ಲ: 9
ಲೋರಿಯಲ್ ಇದೆ: 10

9. ತಲೆಯ ಹಿಂತುದಿಯಲ್ಲಿ ಒಂದು ಜೋಡಿ ಹೆಚ್ಚುವರಿ ದೊಡ್ಡ ಫಲಕಗಳಿವೆ: ಕಾಳಿಂಗ ಸರ್ಪ
ಇಲ್ಲ: ನಾಗರಹಾವು

10. ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾದ ಕಪ್ಪು ಗೆರೆ. ಹುರುಪೆಗಳಲ್ಲಿ ಸ್ಪಷ್ಟ ಉಬ್ಬುಗೆರೆ: ನೀರು ಹಾವು
ಹಾಗಿಲ್ಲ: 11

11. ಲೋರಿಯಲ್ ಒಂದೇ, ಹುರುಪೆಗಳೆಲ್ಲ ನುಣುಪು: ತೋಳ ಹಾವು
ಲೋರಿಯಲ್ ಸಾಮಾನ್ಯವಾಗಿ ಎರಡು ಅಥವಾ ಮೂರು. ಕಣ್ಣು ದೊಡ್ಡದು: ಕೇರೆ ಹಾವು

ಹನ್ನೆರಡು ಪ್ರಭೇದಗಳಿಗೆ ಹನ್ನೊಂದು ಜೋಡಿ. ಪ್ರತಿ ಜೋಡಿ ಒಂದು ಗುಂಪನ್ನು ಎರಡಾಗಿ ಒಡೆಯುವುದರಿಂದ ಲೆಕ್ಕ ಯಾವಾಗಲೂ ಪ್ರಭೇದಗಳಿಗಿಂತ ಒಂದು ಕಡಿಮೆ. ನೀವು ಬರೆದ ಕೀಲಿಯಲ್ಲಿ ಈ ಲೆಕ್ಕ ತಪ್ಪಿದರೆ ಎಲ್ಲೋ ಒಂದು ಹಾವು ಎರಡು ಸಲ ಬಂದಿದೆ ಅಥವಾ ಬಿಟ್ಟುಹೋಗಿದೆ.

ಕಟ್ಟುಹಾವೋ, ತೋಳ ಹಾವೋ?

ಪ್ರತಿ ವರ್ಷ ಈ ಎರಡು ಜಾಡಿಗಳಲ್ಲೇ ವಿದ್ಯಾರ್ಥಿಗಳು ಎಡವುತ್ತಾರೆ. ಎರಡಕ್ಕೂ ಕಡುಬಣ್ಣದ ಮೈ, ಬಿಳಿ ಅಡ್ಡಪಟ್ಟಿ. ಆದರೆ ಕಟ್ಟುಹಾವಿನಲ್ಲಿ ಪಟ್ಟಿಗಳು ಕುತ್ತಿಗೆಯ ಬಳಿ ಮಸುಕಾಗಿರುತ್ತವೆ ಅಥವಾ ಇರುವುದೇ ಇಲ್ಲ, ಬಾಲದ ಕಡೆಗೆ ಸ್ಪಷ್ಟವಾಗುತ್ತಾ ಹೋಗುತ್ತವೆ. ತೋಳ ಹಾವಿನಲ್ಲಿ ಇದು ತಿರುಗುಮುರುಗು. ಬಣ್ಣ ಮಾಸಿದ ಜಾಡಿಯಲ್ಲಿ ಇದೂ ಕೈಕೊಡಬಹುದು. ಆಗ ಬೆನ್ನ ನಡುವಿನ ಆರು ಮೂಲೆಯ ಹುರುಪೆಯನ್ನು ಹುಡುಕಿ, ಹಾವನ್ನು ಮಗುಚಿ ಬಾಲದಡಿ ನೋಡಿ: ಒಂಟಿಯಾದರೆ ಕಟ್ಟುಹಾವು, ಜೋಡಿಯಾದರೆ ತೋಳ ಹಾವು. ಇಷ್ಟೊಂದು ಹೋಲುವ ಇವೆರಡು ಮರದಲ್ಲಿ ಬೇರೆ ಬೇರೆ ಕುಟುಂಬದವು. ಒಂದು ಕಡುವಿಷದ್ದು, ಇನ್ನೊಂದು ನಿರುಪದ್ರವಿ.

ನಿಮ್ಮ ಕೆಲಸ

ಶುಕ್ರವಾರ ಮೇಜಿನ ಮೇಲೆ ಹದಿಮೂರನೆಯ ಜಾಡಿ ಇರುತ್ತದೆ: ಹಸಿರು ಹಾವು, ಕೊಲುಬ್ರಿಡೆ ಕುಟುಂಬದ್ದು, ಮೂತಿ ಚೂಪು, ಕಣ್ಣಿನ ಪಾಪೆ ಅಡ್ಡಲಾದ ಸೀಳಿನಂತೆ. ಇದಕ್ಕೆ ಸಾಮಾನ್ಯವಾಗಿ ಲೋರಿಯಲ್ ಇರುವುದಿಲ್ಲ. ಮೇಲಿನ ಕೀಲಿಗೆ ಇದನ್ನು ಒಡ್ಡಿದರೆ ಅದು ಯಾವ ಸಂಕೋಚವೂ ಇಲ್ಲದೆ ‘ನಾಗರಹಾವು’ ಎನ್ನುತ್ತದೆ, ಏಕೆಂದರೆ ತನ್ನಲ್ಲಿಲ್ಲದ ಪ್ರಭೇದವನ್ನು ‘ಗೊತ್ತಿಲ್ಲ’ ಎನ್ನಲು ಕೀಲಿಗೆ ಬರುವುದಿಲ್ಲ. ಹನ್ನೆರಡನೆಯ ಜೋಡಿಯೊಂದನ್ನು ಬರೆದು, ಯಾವ ಸಂಖ್ಯೆಯ ಮುಂದೆ ಸೇರಿಸಬೇಕೆಂದು ತೋರಿಸಿ, ಮುಂದಿನ ಸಂಖ್ಯೆಗಳನ್ನೆಲ್ಲ ತಿದ್ದಿ. ‘ಉದ್ದ’, ‘ತೆಳ್ಳಗೆ’, ‘ಚೆನ್ನಾಗಿ ಹಸಿರು’ ಎಂದು ಬರೆದವರ ದಾಖಲೆ ಪುಸ್ತಕ ಸಹಿಯಿಲ್ಲದೆ ವಾಪಸ್ಸು ಬರುತ್ತದೆ. ಮರದಲ್ಲಿ ಹಸಿರು ಹಾವನ್ನು ಕೊಲುಬ್ರಿಡೆ ಕೊಂಬೆಗೆ ಸೇರಿಸಿ, ಎರಡೂ ಹಾಳೆಗಳನ್ನು ಪ್ರಯೋಗಾಲಯದ ಸಹಾಯಕರ ಕೈಗೆ ಕೊಡಿ.