ವರ್ಗೀಕರಣ, ಸೂಚೀಕರಣ: ಯಾವ ಪದ್ಧತಿ ಎಲ್ಲಿಗೆ ಸರಿ?

(ಬಿ.ಲಿಬ್. ಜೂನಿಯರ್‌ಗಳಿಗೆ, ಇಡೀ ಅಧ್ಯಾಯದ ಸಾರ)

ಅಧ್ಯಾಯ ಉದ್ದ ಇದೆ, ಆದರೆ ತಿರುಳು ಸಣ್ಣದು. ಪುಸ್ತಕ ಯಾವ ಕಪಾಟಿನಲ್ಲಿ ಕೂರಬೇಕು ಎನ್ನುವುದನ್ನು ವರ್ಗೀಕರಣ ತೀರ್ಮಾನಿಸುತ್ತದೆ. ಲೇಖಕರ ಹೆಸರು, ಶೀರ್ಷಿಕೆ, ವಿಷಯ, ಯಾವುದನ್ನು ಹಿಡಿದು ಬಂದವರಿಗೂ ಆ ಪುಸ್ತಕ ಸಿಗುವಂತೆ ಮಾಡುವುದು ಸೂಚೀಕರಣ. ಕಪಾಟಿನಲ್ಲಿ ಜಾಗ ಒಂದೇ, ಕ್ಯಾಟಲಾಗ್‌ನಲ್ಲಿ ದಾರಿ ಹಲವು.

ಭಾರತದ ಇತಿಹಾಸ ಎಂಬ ಒಂದೇ ವಿಷಯಕ್ಕೆ ನಾಲ್ಕು ಪದ್ಧತಿಗಳು ಕೊಡುವ ಸಂಖ್ಯೆ ನೋಡಿ:

| ಪದ್ಧತಿ | ಸಂಖ್ಯೆ | ಹೆಚ್ಚಾಗಿ ಎಲ್ಲಿ |
|---|---|---|
| ಡಿಡಿಸಿ (ಡ್ಯೂಯಿ) | 954 | ಸಾರ್ವಜನಿಕ, ಶಾಲೆ, ಕಾಲೇಜು |
| ಯುಡಿಸಿ | 94(540) | ವಿಜ್ಞಾನ, ತಾಂತ್ರಿಕ, ವಿಶೇಷ ಗ್ರಂಥಾಲಯ |
| ಎಲ್‌ಸಿಸಿ | DS436 | ದೊಡ್ಡ ಸಂಶೋಧನಾ ಗ್ರಂಥಾಲಯ, ಅಮೆರಿಕದ ವಿಶ್ವವಿದ್ಯಾಲಯ |
| ಸಿಸಿ (ಕೋಲನ್) | V44 | ಭಾರತದ ಕೆಲವು ಗ್ರಂಥಾಲಯ, ಎಲ್ಲ ಗ್ರಂಥಾಲಯ ವಿಜ್ಞಾನ ತರಗತಿ |

ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ಡಿಡಿಸಿ ಜ್ಞಾನವನ್ನೆಲ್ಲ ಹತ್ತು ಮುಖ್ಯ ವರ್ಗಗಳಿಗೆ ಹಂಚುತ್ತದೆ. ಸಂಖ್ಯೆ ಸರಳ, ಓದುಗರಿಗೂ ಬೇಗ ಅಭ್ಯಾಸವಾಗುತ್ತದೆ. ಕುಂದೂ ಇದೆ. ಧರ್ಮದ 200ರಲ್ಲಿ ಬಹುಪಾಲು ಕ್ರೈಸ್ತಮತಕ್ಕೇ ಹೋಗಿ, ಹಿಂದೂ ಧರ್ಮ 294.5ರೊಳಗೆ ಒತ್ತಿಕೊಂಡು ಕೂತಿದೆ. ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕಾದಂಬರಿ. ಇನ್ನು ಕನ್ನಡ ಪುಸ್ತಕಗಳೇ ತುಂಬಿದ ಗ್ರಂಥಾಲಯ ನೆನೆಸಿಕೊಳ್ಳಿ. ಸಾಹಿತ್ಯದ ಸಾಲಿನಲ್ಲಿ ಎಲ್ಲ ಬೆನ್ನುಪಟ್ಟಿಯ ಮೇಲೂ ಅದೇ ಆರು ಅಂಕಿ! ಅಲ್ಲಿ ಪುಸ್ತಕ ಹುಡುಕಿಸುವುದು ವರ್ಗಸಂಖ್ಯೆಯಲ್ಲ, ಅದರ ಕೆಳಗೆ ಬರೆದ ಲೇಖಕರ ಗುರುತು. ಆದರೂ ಸಾಮಾನ್ಯ ಗ್ರಂಥಾಲಯಕ್ಕೆ ನನ್ನ ಓಟು ಡಿಡಿಸಿಗೇ, ಸಿದ್ಧ ಸಂಖ್ಯೆ ಸಿಗುವುದು ಇದರಲ್ಲೇ ಜಾಸ್ತಿ.

ಯುಡಿಸಿಯನ್ನು ಪಾಲ್ ಒಟ್ಲೆ ಮತ್ತು ಹೆನ್ರಿ ಲಾ ಫಾಂಟೇನ್ ಬ್ರಸೆಲ್ಸ್‌ನಲ್ಲಿ ಡ್ಯೂಯಿಯ ಅಡಿಪಾಯದ ಮೇಲೇ ಕಟ್ಟಿದರು. ಇದರ ಬಲ ಚಿಹ್ನೆಗಳಲ್ಲಿದೆ. 633.18 ಅಂದರೆ ಭತ್ತ, 632 ಅಂದರೆ ಸಸ್ಯರೋಗ ಮತ್ತು ಕೀಟಬಾಧೆ. ನಡುವೆ ಕೋಲನ್ ಹಾಕಿ 633.18:632 ಎಂದರೆ ಎರಡೂ ಸೇರಿದ ವಿಷಯ. ಕೃಷಿ ಸಂಶೋಧನಾ ಕೇಂದ್ರಕ್ಕೆ ಇಂಥದ್ದೇ ಬೇಕು. 4ನೇ ವರ್ಗ ಖಾಲಿ ಇದೆ, ಪರೀಕ್ಷೆಯಲ್ಲಿ ಕೇಳಬಹುದು.

ಎಲ್‌ಸಿಸಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಂಗ್ರಹಕ್ಕೆಂದು ಮಾಡಿಕೊಂಡದ್ದು. ಅಕ್ಷರ ಮತ್ತು ಅಂಕಿ ಕೂಡಿದ ಸಂಖ್ಯೆ, 21 ವರ್ಗ.

ಎಸ್. ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ (1933) ಬೇರೆಯೇ ಜಾತಿ. ಇಲ್ಲಿ ಸಿದ್ಧ ಸಂಖ್ಯೆ ಹುಡುಕುವುದಿಲ್ಲ. ವಿಷಯವನ್ನು ಬಿಡಿಸಿ, ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್ ಎಂದು ಗುರುತಿಸಿ, ಮತ್ತೆ ಜೋಡಿಸುತ್ತೇವೆ. ಪ್ರಸಿದ್ಧ ಉದಾಹರಣೆ:

```
L,45;421:6;253:f.44'N5
```

L ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್‌ರೇ, f ಸಂಶೋಧನೆ, 44 ಭಾರತ, N5 ಅಂದರೆ 1950. ಒಂದು ಸಾಲಿನಲ್ಲಿ ಇಡೀ ಪುಸ್ತಕದ ವಿಷಯವೇ ಬಂದುಬಿಟ್ಟಿತು, ಅಲ್ವಾ? ಇದನ್ನು ಪುಸ್ತಕದ ಬೆನ್ನಿಗೆ ಅಂಟಿಸಿ, ಕಪಾಟಿನಲ್ಲಿ ಸರಿಯಾದ ಜಾಗಕ್ಕೆ ಇಡಿ ಅಂದರೆ ಅಟೆಂಡರ್ ಕೈಮುಗಿಯುತ್ತಾರೆ. ಹಾಗಾಗಿ ಕಪಾಟಿಗಿಂತ ವಿಷಯ ವಿಶ್ಲೇಷಣೆಗೆ ಇದು ಒಳ್ಳೆಯ ಸಾಧನ. ಬೆಂಗಳೂರಿನಲ್ಲಿ 1962ರಲ್ಲಿ ರಂಗನಾಥನ್ ಆರಂಭಿಸಿದ ತರಬೇತಿ ಕೇಂದ್ರ ಡಿಆರ್‌ಟಿಸಿ ಈ ಚಿಂತನೆಯನ್ನು ಬೆಳೆಸಿದ ಜಾಗ.

ಸೂಚೀಕರಣಕ್ಕೆ ಬಂದರೆ, ಪ್ಯಾನಿಜಿಯ 91 ನಿಯಮ (1841), ಕಟ್ಟರ್ ನಿಯಮ (1876), ಇವು ಚರಿತ್ರೆಗೆ ಸಾಕು. ನಿಜವಾದ ಹೋಲಿಕೆ ಸಿಸಿಸಿ, ಎಎಸಿಆರ್2, ಆರ್‌ಡಿಎ ಎಂಬ ಮೂರು ನಿಯಮಾವಳಿಗಳ ನಡುವೆ. ರಂಗನಾಥನ್ ಅವರ ಸಿಸಿಸಿಯಲ್ಲಿ (1934) ಮುಖ್ಯ ನಮೂದು ಕಾಲ್ ನಂಬರ್‌ನಿಂದ ಶುರುವಾಗುತ್ತದೆ. ಎಎಸಿಆರ್2ರಲ್ಲಿ (1978) ಸಾಮಾನ್ಯವಾಗಿ ಲೇಖಕರ ಹೆಸರಿನಿಂದ. ಅಲ್ಲಿ ಮೂರಕ್ಕಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರ ಹೆಸರು ಮಾತ್ರ ಉಳಿಯುತ್ತಿತ್ತು. 2010ರಲ್ಲಿ ಬಂದ ಆರ್‌ಡಿಎ ಆ ಕಟ್ಟುಪಾಡು ತೆಗೆಯಿತು, ಎಲ್ಲರ ಹೆಸರನ್ನೂ ಬರೆಯಬಹುದು. ಇ-ಪುಸ್ತಕ, ಆಡಿಯೊಗೂ ಇದೇ ಚೆನ್ನಾಗಿ ಒಗ್ಗುತ್ತದೆ. ಹೊಸ ಗ್ರಂಥಾಲಯವಾದರೆ ನೇರ ಆರ್‌ಡಿಎ. ಹಳೇ ದಾಖಲೆಗಳು ಎಎಸಿಆರ್2ರಲ್ಲಿ ಇದ್ದರೆ ಇರಲಿ, ಸುಮ್ನೆ ಎಲ್ಲ ತಿದ್ದಲು ಹೋಗಬೇಡಿ.

ಒಂದು ಗೊಂದಲ ಮಾತ್ರ ಬೇಡ. ಮಾರ್ಕ್ 21 ಸೂಚೀಕರಣದ ನಿಯಮ ಅಲ್ಲ, ದಾಖಲೆಯನ್ನು ಕಂಪ್ಯೂಟರ್‌ಗೆ ಕೊಡುವ ಚೌಕಟ್ಟು. ಏನು ಬರೆಯಬೇಕು ಎಂದು ಆರ್‌ಡಿಎ ಹೇಳುತ್ತದೆ, ಅದನ್ನು ಯಾವ ಟ್ಯಾಗ್‌ನಲ್ಲಿ ಇಡಬೇಕು ಎಂದು ಮಾರ್ಕ್ ಹೇಳುತ್ತದೆ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಒಂದು ಕರ್ನಾಟಕ ಇತಿಹಾಸದ ಪುಸ್ತಕದ ದಾಖಲೆ ತೆರೆದರೆ 082ರಲ್ಲಿ 954.87 ಕಾಣುತ್ತದೆ, 100ರಲ್ಲಿ ಲೇಖಕರು, 245ರಲ್ಲಿ ಶೀರ್ಷಿಕೆ, 651ರಲ್ಲಿ ವಿಷಯ. ಯುಡಿಸಿ ಸಂಖ್ಯೆಗೆ 080, ಎಲ್‌ಸಿಸಿಗೆ 050. ಅಂದರೆ ಒಂದೇ ದಾಖಲೆಯಲ್ಲಿ ಮೂರೂ ಇರಬಹುದು. ಬೆನ್ನುಪಟ್ಟಿಗೆ ಯಾವುದು ಹೋಗಬೇಕು ಎಂಬುದನ್ನು ಮಾತ್ರ ಗ್ರಂಥಾಲಯ ಮೊದಲೇ ತೀರ್ಮಾನಿಸಿರಬೇಕು.